ಕೊಡಗಿನಲ್ಲಿ ಮಾರಾಟಕ್ಕೂ ಬಾಡಿಗೆಗೂ ಇರುವ ಜಾಗಗಳು: ಈ ತಿಂಗಳ ಪಟ್ಟಿ

ದೂರವನ್ನೆಲ್ಲ ಗಾಡಿಯ ಮೀಟರ್ ನೋಡಿ ಬರೆದಿದ್ದೇನೆ. ಜಮೀನಿನ ವಿಸ್ತೀರ್ಣ ಪಹಣಿಯಲ್ಲಿ ಇದ್ದಷ್ಟೇ. ಬೇಲಿಯೊಳಗೆ ಹೆಚ್ಚು ಕಂಡರೂ ಸೇರಿಸಿಲ್ಲ. ಜಮ್ಮಾ ಬಾಣೆ ಯಾವುದೂ ಈ ಪಟ್ಟಿಯಲ್ಲಿಲ್ಲ.

ಸುಂಟಿಕೊಪ್ಪದಿಂದ 4 ಕಿ.ಮೀ., ಟಾರ್ ರಸ್ತೆ ಬದಿಯ 6 ಎಕರೆ 30 ಸೆಂಟ್ ರೊಬಸ್ಟಾ ತೋಟ, ಕೆರೆ, ಕಣ, ಎರಡು ಲೈನ್ ಮನೆ
ನೆರಳಿನ ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ ಹಬ್ಬಿದೆ. ಹೂಮಳೆ ತಡವಾದ ವರ್ಷ ಸ್ಪ್ರಿಂಕ್ಲರ್ ಓಡಿಸಲು ಕೆರೆ ನೀರು ಸಾಕಾಗುತ್ತದೆ. ಕಳೆದ ಎರಡು ಮಾರ್ಚ್‌ನಲ್ಲೂ ಹೋಗಿ ನೋಡಿ ಬಂದಿದ್ದೇನೆ. ತೋಟ ಕೊಳ್ಳುವವರಿಗೆ ಬೆಟ್ಟದ ನೋಟಕ್ಕಿಂತ ಈ ಕೆರೆ ದೊಡ್ಡದು, ಅದಕ್ಕೇ ಮೇಲೆ ಕೆರೆಯ ಹೆಸರಿದೆ, ಬೆಟ್ಟದ್ದಿಲ್ಲ. ಒಂದು ಲೈನ್ ಮನೆಯ ಮಾಡು ರಿಪೇರಿ ಆಗಬೇಕು. ಈ ಸಲದ ಫಸಲು ಮಾಲೀಕರದೇ. ಕೊಯ್ಲು ಮುಗಿದ ಮೇಲೆ ಜಾಗ ಬಿಟ್ಟುಕೊಡುತ್ತಾರೆ.

ಕುಶಾಲನಗರ ಬಸ್ ನಿಲ್ದಾಣದಿಂದ 1.5 ಕಿ.ಮೀ., ಪೂರ್ವಕ್ಕೆ ಮುಖವಿರುವ 30×40 ಸೈಟು, ಕನ್ವರ್ಷನ್ ಆಗಿದೆ
2018 ಮತ್ತು 2019ರಲ್ಲಿ ಕುಶಾಲನಗರದ ಹೊಳೆ ಬದಿಯ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದಳು. ಸೈಟು ನೋಡಲು ಬಂದವರು ಮೊದಲು ಕೇಳುವುದೂ ಅದನ್ನೇ. ಈ ಜಾಗಕ್ಕೆ ಆ ಎರಡೂ ವರ್ಷ ನೀರು ಬಂದಿಲ್ಲ. ಅಕ್ಕಪಕ್ಕದ ಮೂರು ಮನೆಯವರನ್ನು ವಿಚಾರಿಸಿಯೇ ಹೇಳುತ್ತಿದ್ದೇನೆ. ನೀವೂ ಒಮ್ಮೆ ವಿಚಾರಿಸಿ.

ಮಡಿಕೇರಿ ಜನರಲ್ ತಿಮ್ಮಯ್ಯ ವೃತ್ತದಿಂದ ನಡೆದು 10 ನಿಮಿಷ, ಎರಡು ಬೆಡ್‌ರೂಮಿನ ಹೆಂಚಿನ ಮನೆ, 8 ಸೆಂಟ್ ಜಾಗ
ಕಾರು ಬಾಗಿಲವರೆಗೆ ಬರುವುದಿಲ್ಲ, ರಸ್ತೆಯಿಂದ 22 ಮೆಟ್ಟಿಲು ಇಳಿಯಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ನೋಡಲು ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ.

ಗೋಣಿಕೊಪ್ಪ ಮುಖ್ಯರಸ್ತೆಯಲ್ಲಿ 240 ಚದರ ಅಡಿ ಮಳಿಗೆ, ಬಾಡಿಗೆಗೆ

ಪೊನ್ನಂಪೇಟೆ ಅರಣ್ಯ ಕಾಲೇಜಿನ ಹತ್ತಿರ ಒಂದು ಬೆಡ್‌ರೂಮಿನ ಮನೆ, 550 ಚದರ ಅಡಿ, ಬಾಡಿಗೆಗೆ
ಬಾವಿ ನೀರು. ಬೈಕ್ ನಿಲ್ಲಿಸಲು ಮಾಡಿನಡಿ ಜಾಗವಿದೆ.

ಸೋಮವಾರಪೇಟೆಯಿಂದ 9 ಕಿ.ಮೀ., 3 ಎಕರೆ ಅರೇಬಿಕಾ ತೋಟ, ಕೊನೆಯ 600 ಮೀಟರ್ ಜೀಪ್ ರಸ್ತೆ
ಜೀಪ್ ರಸ್ತೆ ಅಂತ ಬರೆದರೆ ಫೋನ್ ಕಡಿಮೆ ಬರುತ್ತದೆ ಎಂದು ಮಾಲೀಕರು ಬೇಡ ಅಂದಿದ್ದರು. ಬೆಂಗಳೂರಿನಿಂದ ಸಣ್ಣ ಕಾರಿನಲ್ಲಿ ಬಂದ ಒಂದು ಕುಟುಂಬ ಜೂನ್ ಮಳೆಯಲ್ಲಿ ಅರ್ಧ ದಾರಿಗೇ ಸಿಕ್ಕಿಕೊಂಡ ಮೇಲೆ ಅವರೂ ಒಪ್ಪಿದರು.

ನಾಪೋಕ್ಲು ಹತ್ತಿರ 1 ಎಕರೆ 20 ಸೆಂಟ್ ಗದ್ದೆ, ಪಕ್ಕದಲ್ಲೇ ತೋಡು
ಇದು ಭತ್ತದ ಗದ್ದೆ, ಈಗಲೂ ನಾಟಿ ಆಗುತ್ತಿದೆ. ಮಣ್ಣು ತುಂಬಿಸಿ ಹೋಂಸ್ಟೇ ಕಟ್ಟುವವರಿಗೆ ಕೊಡುವುದಿಲ್ಲ ಎಂದು ಮನೆಯ ಹಿರಿಯರು ಹೇಳಿದ್ದಾರೆ. ಬೇಸಾಯ ಮಾಡುವವರು ಭಾನುವಾರ ಬೆಳಿಗ್ಗೆ ಬಂದರೆ ಅವರೇ ಗದ್ದೆಯಲ್ಲಿ ಸಿಗುತ್ತಾರೆ.