ತರಬೇತಿ ಅಭ್ಯರ್ಥಿಗಳ ಸ್ಟೈಪೆಂಡ್ ಮತ್ತು ಬಾಂಡ್ ಷರತ್ತುಗಳು

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮಹಿಳಾ ಬ್ಯೂಟಿ ಪಾರ್ಲರ್‌ಗೆ 2025ರ ಜುಲೈ 1ರಿಂದ ಕೆಲಸ ಕಲಿಯಲು ಸೇರುವ ಇಬ್ಬರು ಅಭ್ಯರ್ಥಿಗಳಿಗೆ ಈ ಷರತ್ತುಗಳು ಅನ್ವಯಿಸುತ್ತವೆ. ಸಹಿ ಹಾಕುವ ಮೊದಲು ಈ ಪತ್ರವನ್ನು ಮನೆಗೆ ಒಯ್ದು, ಹಿರಿಯರಿಗೆ ಓದಿ ಹೇಳಿ, ಕನಿಷ್ಠ ಮೂರು ದಿನ ಯೋಚಿಸಬೇಕೆಂದು ಕೋರುತ್ತೇನೆ. 18 ವರ್ಷ ತುಂಬದವರು ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅಂಥವರನ್ನು ಸೇರಿಸಿಕೊಳ್ಳುವುದಿಲ್ಲ.

ತರಬೇತಿ

ತರಬೇತಿಯ ಅವಧಿ ಆರು ತಿಂಗಳು, ಡಿಸೆಂಬರ್ 31ರವರೆಗೆ. ಆಷಾಢದಲ್ಲಿ ಮದುವೆಗಳಿಲ್ಲದೆ ಪಾರ್ಲರ್‌ನಲ್ಲಿ ಬಿಡುವಿರುವುದರಿಂದ ಆಗಲೇ ಆರಂಭಿಸುತ್ತಿದ್ದೇವೆ. ಮೊದಲು ಥ್ರೆಡ್ಡಿಂಗ್ ಮತ್ತು ವ್ಯಾಕ್ಸಿಂಗ್, ನಂತರ ಫೇಶಿಯಲ್, ಹೇರ್ ಕಟ್ ಮತ್ತು ಹೇರ್ ಕಲರ್, ಕೊನೆಗೆ ಮೊಗ್ಗಿನ ಜಡೆ, ಸೀರೆ ಉಡಿಸುವುದು ಹಾಗೂ ಮದುಮಗಳ ಮೇಕಪ್ ಕಲಿಸಲಾಗುವುದು. ದಾರದ ಹಿಡಿತ ಕೈಗೆ ಕೂರುವವರೆಗೆ ಅಭ್ಯರ್ಥಿ ತಮ್ಮ ಮೊಣಕಾಲಿನ ಮೇಲೆ ಅಭ್ಯಾಸ ಮಾಡಬೇಕೇ ಹೊರತು ಗ್ರಾಹಕರ ಹುಬ್ಬನ್ನು ಮುಟ್ಟುವಂತಿಲ್ಲ. ಪ್ಯಾಚ್ ಟೆಸ್ಟ್ ಮಾಡದೆ ಯಾರಿಗೂ ಬ್ಲೀಚ್ ಅಥವಾ ಹೇರ್ ಕಲರ್ ಹಚ್ಚುವಂತಿಲ್ಲ. ನೆಲ ಗುಡಿಸುವುದು, ಟವೆಲ್ ಒಗೆಯುವುದು ಎಲ್ಲರೂ ಸರದಿಯಂತೆ ಮಾಡುವ ಕೆಲಸ. ಅದು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಅಭ್ಯರ್ಥಿಯ ಪಾಲಿಗೆ ಬರಬಾರದು.

ಸ್ಟೈಪೆಂಡ್

ಮೊದಲ ಎರಡು ತಿಂಗಳು ತಿಂಗಳಿಗೆ ₹5,000, ನಂತರದ ಎರಡು ತಿಂಗಳು ₹6,500, ಕೊನೆಯ ಎರಡು ತಿಂಗಳು ₹8,000 ಸ್ಟೈಪೆಂಡನ್ನು ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಅಭ್ಯರ್ಥಿಯ ಸ್ವಂತ ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುವುದು. ಕೈತಪ್ಪಿ ಕ್ರೀಮ್ ಚೆಲ್ಲಿತು, ವ್ಯಾಕ್ಸ್ ಹೀಟರ್ ಕೆಟ್ಟಿತು ಎಂಬ ಕಾರಣಕ್ಕೆ ಇದರಲ್ಲಿ ಒಂದು ರೂಪಾಯಿಯನ್ನೂ ಕಡಿತ ಮಾಡುವುದಿಲ್ಲ, ಏಕೆಂದರೆ ಕಲಿಯುವ ಕೈ ತಪ್ಪು ಮಾಡಿಯೇ ಪಳಗುತ್ತದೆ. ಗ್ರಾಹಕರು ಪ್ರೀತಿಯಿಂದ ಕೊಟ್ಟ ಟಿಪ್ಸ್ ಪಡೆದವರದೇ.

ಬಾಂಡ್

ಒಬ್ಬ ಅಭ್ಯರ್ಥಿಯ ತರಬೇತಿಗೆ ಸ್ಟೈಪೆಂಡ್ ಬಿಟ್ಟು ₹27,000 ವೆಚ್ಚವಾಗುತ್ತದೆ: ಅಭ್ಯಾಸದ ಸಾಮಗ್ರಿಗೆ ₹11,000, ಎರಡು ಡಮ್ಮಿ ತಲೆಗಳಿಗೆ ₹4,000, ಮೇಕಪ್ ಕಲಿಸಲು ಹೊರಗಿನಿಂದ ಹನ್ನೆರಡು ದಿನ ಬರುವ ಶಿಕ್ಷಕಿಗೆ ₹12,000. ಬಿಲ್ಲುಗಳನ್ನು ಅಭ್ಯರ್ಥಿ ಯಾವಾಗ ಬೇಕಾದರೂ ನೋಡಬಹುದು. ಈ ವೆಚ್ಚಕ್ಕೆ ಪ್ರತಿಯಾಗಿ, ತರಬೇತಿ ಮುಗಿದ ಮೇಲೆ 2026ರ ಜನವರಿ 1ರಿಂದ ಸೆಪ್ಟೆಂಬರ್ 30ರವರೆಗೆ ಒಂಬತ್ತು ತಿಂಗಳು ಅಭ್ಯರ್ಥಿ ಇಲ್ಲಿಯೇ ಕೆಲಸ ಮಾಡಬೇಕು. ಆ ಅವಧಿಯಲ್ಲಿ ಸ್ಟೈಪೆಂಡ್ ಅಲ್ಲ, ಆಗ ಜಾರಿಯಲ್ಲಿರುವ ಕನಿಷ್ಠ ವೇತನಕ್ಕಿಂತ ಕಡಿಮೆಯಿಲ್ಲದ ಸಂಬಳ ದೊರೆಯುತ್ತದೆ.

ಕೆಲಸ ಮಾಡಿದ ಪ್ರತಿ ತಿಂಗಳಿಗೂ ₹3,000ದಂತೆ ಬಾಂಡ್ ಮೊತ್ತ ಇಳಿಯುತ್ತ ಹೋಗುತ್ತದೆ. ಉದಾಹರಣೆಗೆ, ನಾಲ್ಕು ತಿಂಗಳು ದುಡಿದು ಬಿಡುವವರು ಉಳಿದ ಐದು ತಿಂಗಳಿಗೆ ₹15,000 ಕೊಡಬೇಕಾಗುತ್ತದೆ. ಅದನ್ನು ಐದು ಕಂತುಗಳಲ್ಲಿ ಬಡ್ಡಿಯಿಲ್ಲದೆ ತೀರಿಸಬಹುದು. ತರಬೇತಿಯ ಮೊದಲ 30 ದಿನಗಳಲ್ಲಿ ಈ ಕೆಲಸ ತಮಗೆ ಒಗ್ಗದು ಎನಿಸಿದವರು ಏನನ್ನೂ ಕೊಡದೆ ಹೋಗಬಹುದು. ಆನಂತರ ತರಬೇತಿಯ ನಡುವೆ ಬಿಟ್ಟರೆ ಅಂದಿನವರೆಗೆ ಅವರಿಗಾಗಿ ನಿಜವಾಗಿ ಖರ್ಚಾದಷ್ಟನ್ನು ಮಾತ್ರ ಕೇಳಲಾಗುವುದು. ಭಾರತೀಯ ಕರಾರು ಅಧಿನಿಯಮ, 1872ರ 74ನೇ ಕಲಮಿನ ಪ್ರಕಾರವೂ ಕರಾರು ಮುರಿದಾಗ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ. ದೊಡ್ಡ ಮೊತ್ತ ಬರೆದು ಹೆದರಿಸುವುದು ನನಗೆ ಬೇಕಿಲ್ಲ.

ಅನಾರೋಗ್ಯ, ಗರ್ಭಧಾರಣೆ, ಪಾರ್ಲರ್‌ನಲ್ಲಿ ನಡೆದ ಕಿರುಕುಳ, ಅಥವಾ ಸ್ಟೈಪೆಂಡ್ ಇಲ್ಲವೇ ಸಂಬಳ ಹದಿನೈದು ದಿನಕ್ಕಿಂತ ಹೆಚ್ಚು ತಡವಾದ ಕಾರಣಕ್ಕೆ ಬಿಡುವವರಿಂದ ಬಾಂಡ್ ಮೊತ್ತವನ್ನು ಪಡೆಯುವುದಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋಗುವವರು ಉಳಿದ ಮೊತ್ತದಲ್ಲಿ ಅರ್ಧ ಕೊಟ್ಟರೆ ಸಾಕು. ಪೂರ್ತಿ ಬಿಡಬೇಕೆಂಬ ಮನಸ್ಸಿದ್ದರೂ ಮೂರು ಕುರ್ಚಿಗಳ ಈ ಪಾರ್ಲರ್‌ಗೆ ಅಷ್ಟು ಶಕ್ತಿಯಿಲ್ಲ. ನಾವೇ ಕೆಲಸದಿಂದ ತೆಗೆದರೆ, ಕಳ್ಳತನ ಸಾಬೀತಾದ ಸಂದರ್ಭ ಬಿಟ್ಟು, ಏನನ್ನೂ ಕೇಳುವುದಿಲ್ಲ. ಮೇಲೆ ಹೇಳಿದ ವಿದ್ಯೆಗಳಲ್ಲಿ ಯಾವುದನ್ನಾದರೂ ಡಿಸೆಂಬರ್ ಕೊನೆಯೊಳಗೆ ನಾವು ಕಲಿಸದೆ ಉಳಿಸಿದರೆ, ಅಂಥ ಒಂದೊಂದಕ್ಕೂ ಬಾಂಡ್ ಅವಧಿ ಒಂದು ತಿಂಗಳು ಕಡಿಮೆಯಾಗುತ್ತದೆ.

ದಾಖಲೆಗಳು ಮತ್ತು ಮುಂದಿನ ಕೆಲಸ

ಮೂಲ ಅಂಕಪಟ್ಟಿ, ಆಧಾರ್ ಕಾರ್ಡ್, ಖಾಲಿ ಚೆಕ್ ಇವುಗಳಲ್ಲಿ ಯಾವುದನ್ನೂ ನಾವು ಇಟ್ಟುಕೊಳ್ಳುವುದಿಲ್ಲ. ನಾನು ಕಲಿತ ಪಾರ್ಲರ್‌ನಲ್ಲಿ ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎರಡು ವರ್ಷ ಬೀರುವಿನಲ್ಲಿ ಬಂದಿಯಾಗಿತ್ತು. ಬೇರೆ ಕಡೆ ಅರ್ಜಿ ಹಾಕಬೇಕೆಂದಾಗಲೆಲ್ಲ ಆ ಬೀರುವಿನ ಬೀಗವೇ ಕಣ್ಣಿಗೆ ಬರುತ್ತಿತ್ತು. ಆ ಭಯ ಇಲ್ಲಿ ಕಲಿಯುವ ಯಾರಿಗೂ ಬೇಡ.

ಇಲ್ಲಿಂದ ಬಿಟ್ಟವರು ಇದೇ ಬೀದಿಯಲ್ಲಿ ಪಾರ್ಲರ್ ತೆರೆದರೂ ನಮ್ಮ ಆಕ್ಷೇಪವಿಲ್ಲ, ಅದೇ ಅಧಿನಿಯಮದ 27ನೇ ಕಲಮು ಕೂಡ ಅಂಥ ನಿರ್ಬಂಧವನ್ನು ಒಪ್ಪುವುದಿಲ್ಲ. ಆದರೆ ಗ್ರಾಹಕರ ಫೋನ್ ನಂಬರ್‌ಗಳಿರುವ ನಮ್ಮ ಪುಸ್ತಕವನ್ನು ನಕಲು ಮಾಡಿಕೊಳ್ಳುವಂತಿಲ್ಲ. ತರಬೇತಿ ಮುಗಿದ ಏಳು ದಿನದೊಳಗೆ, ಬಾಂಡ್ ಬಾಕಿಯಿದ್ದರೂ, ತರಬೇತಿ ಪ್ರಮಾಣಪತ್ರ ಕೊಡಲಾಗುವುದು.

ಈ ಪತ್ರದ ಎರಡು ಪ್ರತಿಗಳಿಗೆ ಇಬ್ಬರು ಸಾಕ್ಷಿಗಳ ಎದುರು ಮಾಲೀಕರಾದ ನಾನು ಮತ್ತು ಅಭ್ಯರ್ಥಿ ಸಹಿ ಹಾಕುತ್ತೇವೆ. ಸಾಕ್ಷಿಗಳಲ್ಲಿ ಒಬ್ಬರು ಅಭ್ಯರ್ಥಿಯ ಕಡೆಯವರಾಗಿರಬೇಕು. ಒಂದು ಪ್ರತಿ ಅಂದೇ ಅಭ್ಯರ್ಥಿಯ ಕೈ ಸೇರತಕ್ಕದ್ದು.