ನಿನ್ನ ಇಳಕಲ್ ಬೋರ್ಡ್ ಬಗ್ಗೆ

ನಿನ್ನೆ ನೀನು ಕಳಿಸಿದ ಡಿಸೈನ್ ಬೋರ್ಡಿನ ಫೋಟೋ ನೋಡಿ ಸಮಾಧಾನ ಆಗಲಿಲ್ಲ. ಅದಕ್ಕೆ ಇವತ್ತು ಸ್ಟುಡಿಯೋಗೆ ಹೋಗಿ ಬೋರ್ಡ್ ಮುಂದೆ ಸ್ಕೇಲ್ ಹಿಡಿದು ಕೂತಿದ್ದೆ. ಇಳಕಲ್ ಸೀರೆಯನ್ನು ನೆರಿಗೆ ಸ್ಕರ್ಟ್ ಮಾಡಿ, ಮೇಲೆ ಗುಳೇದಗುಡ್ಡ ಖಣದ ಜಾಕೆಟ್ ಹಾಕಿರೋದು ಒಳ್ಳೆ ಯೋಚನೆ. ಆದರೆ ಬಟ್ಟೆ ಚಿತ್ರದ ಹುಡುಗಿಯ ಮೈಮೇಲೆ ಕೂತಿಲ್ಲ, ಕಾಗದದ ಮೇಲೆ ಕೂತಿದೆ. ಸೋಮವಾರ ಜ್ಯೂರಿ ಇರೋದರಿಂದ ನೇರವಾಗಿ ಬರೆಯುತ್ತೇನೆ.

ನಡುವಿನ ಫಿಗರ್ ನೋಡು. ತಲೆ ಎರಡೂವರೆ ಸೆಂಟಿಮೀಟರ್ ಇದೆ. ಒಂಬತ್ತು ತಲೆ ಲೆಕ್ಕಕ್ಕೆ ಎತ್ತರ ಇಪ್ಪತ್ತೆರಡೂವರೆ ಬರಬೇಕು. ನಿನ್ನದು 27 ಇದೆ, ಅಂದರೆ ಹನ್ನೊಂದು ತಲೆಗೆ ಹತ್ತಿರ. ಉದ್ದ ಮಾಡೋದು ತಪ್ಪಲ್ಲ. ನಿಜವಾದ ಮನುಷ್ಯರು ಏಳೂವರೆ ತಲೆ ಇದ್ದರೂ ನಾವು ಒಂಬತ್ತು ಬರೆಯುತ್ತೇವೆ, ಅಲ್ವಾ? ಆದರೆ ಹೆಚ್ಚಿನ ನಾಲ್ಕೂವರೆ ಸೆಂಟಿಮೀಟರನ್ನು ನೀನು ಪೂರ್ತಿ ಮೊಣಕಾಲಿನ ಕೆಳಗೇ ತುಂಬಿದ್ದೀಯ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಎಲ್ಲ ಸರಿಯಾಗಿದೆ. ಅಲ್ಲಿಂದ ಕೆಳಗೆ ಕೊಕ್ಕರೆ ಕಾಲು. ಸ್ಕರ್ಟ್ ಮೀನಖಂಡದ ನಡುವೆ ನಿಲ್ಲಬೇಕು ಅಂತ ಬರೆದಿದ್ದೀಯ. ಈ ಚಿತ್ರ ನೋಡಿದ ಟೈಲರ್ ಎಷ್ಟು ಉದ್ದ ಅಂತ ಕತ್ತರಿಸಬೇಕು?

ಇನ್ನೊಂದು, ಅವಳು ಬೀಳ್ತಾ ಇದ್ದಾಳೆ. ಕುತ್ತಿಗೆಯ ಗುಳಿಯಿಂದ ನೆಟ್ಟಗೆ ಒಂದು ಗೆರೆ ಎಳೆದು ನೋಡಿದೆ. ಅದು ಭಾರ ಹೊತ್ತ ಬಲಗಾಲಿನ ಪಾದಕ್ಕೆ ಬರಬೇಕಿತ್ತು, ಎರಡು ಬೆರಳು ಆಚೆ ಬಿತ್ತು. ಭಾರ ಬಲಗಾಲಿನ ಮೇಲಿದ್ದರೆ ಬಲಸೊಂಟ ಮೇಲೇಳಬೇಕು. ನೀನು ಎಡಸೊಂಟ ಎತ್ತಿದ್ದೀಯ. ಎರಡೂ ಕೈ ಬೆನ್ನ ಹಿಂದೆ ಯಾಕಿವೆ ಅಂತ ಕೇಳಲ್ಲ. ಓದುವಾಗ ನಾನೂ ಹಾಗೇ ಬಚ್ಚಿಡುತ್ತಿದ್ದೆ. ಆದರೆ ಮೂರು ಫಿಗರಿನಲ್ಲೂ ಬೇಡ. ಒಂದು ಕೈಯನ್ನಾದರೂ ಜಾಕೆಟ್ಟಿನ ಜೇಬಿಗೆ ಇಳಿಸು, ಜೇಬು ಎಲ್ಲಿದೆ ಅಂತಲೂ ಗೊತ್ತಾಗುತ್ತೆ.

ಈಗ ಬಟ್ಟೆಗೆ ಬರೋಣ, ಜಾಸ್ತಿ ಕೆಲಸ ಇರೋದು ಇಲ್ಲೇ. ಸ್ಕರ್ಟಿನ ಚೌಕುಳಿಯನ್ನು ಸ್ಕೇಲ್ ಇಟ್ಟು ಎಳೆದಿದ್ದೀಯ. ಕೆಳಗೆ ನೆರಿಗೆ ಇದೆ, ಮೇಲೆ ಗ್ರಾಫ್ ಪೇಪರ್ ಇದೆ. ನೆರಿಗೆ ಒಳಗೆ ಹೋದ ಕಡೆ ಚೌಕ ಕಿರಿದಾಗಬೇಕು, ಮಡಿಕೆಯ ಅಂಚಿಗೆ ಬಂದಾಗ ಗೆರೆ ಮುರಿಯಬೇಕು, ಮುಂದಿನ ನೆರಿಗೆಯಲ್ಲಿ ಸ್ವಲ್ಪ ಮೇಲೋ ಕೆಳಗೋ ಶುರುವಾಗಬೇಕು. ಮನೆಯಲ್ಲಿ ಚೌಕುಳಿ ಟವಲ್ ಇದ್ದರೆ ನೆರಿಗೆ ಹಿಡಿದು ಕುರ್ಚಿಗೆ ನೇತುಹಾಕಿ ಹತ್ತು ನಿಮಿಷ ಸುಮ್ನೆ ನೋಡು.

ದಡಿಯನ್ನೂ ಅಳೆದೆ, ಮೂರು ಸೆಂಟಿಮೀಟರ್ ಬಂತು. ನಿಜವಾದ ತಲೆ ಸುಮಾರು ಒಂಬತ್ತು ಇಂಚು, ನಿನ್ನ ಚಿತ್ರದಲ್ಲಿ ಅದು ಎರಡೂವರೆ ಸೆಂಟಿಮೀಟರ್. ಆ ಲೆಕ್ಕದಲ್ಲಿ ನೀನು ಬರೆದಿರೋ ಗೋಮಿ ದಡಿ ಹತ್ತಿರಹತ್ತಿರ ಹನ್ನೊಂದು ಇಂಚು! ನೀನು ಅಂಟಿಸಿರೋ ತುಂಡಿನಲ್ಲಿ ದಡಿ ಇರೋದು ನಾಲ್ಕೇ ಇಂಚು. ಚಿತ್ರದಲ್ಲಿ ಒಂದು ಸೆಂಟಿಮೀಟರ್ ಚಿಲ್ಲರೆ ಸಾಕು.

ಹೊಳಪಿನದೂ ಒಂದು ಮಾತು. ಹತ್ತಿಯ ಒಡಲು, ರೇಷ್ಮೆ ಸೆರಗು, ಖಣ, ಮೂರಕ್ಕೂ ಒಂದೇ ಬಿಳಿ ಜೆಲ್ ಪೆನ್ ಹೊಡೆದಿದ್ದೀಯ. ಹತ್ತಿ ಹಾಗೆ ಹೊಳೆಯಲ್ಲ, ಅಲ್ಲಿ ಬಿಳಿ ತೆಗೆದುಬಿಡು. ನೆರಳು ಮೆತ್ತಗೆ ಹರಡಲಿ. ರೇಷ್ಮೆಗೆ ಪೆನ್ನಿನ ಬಿಳಿ ಬೇಡ, ಕಾಗದದ ಬಿಳಿಯನ್ನೇ ಉಳಿಸಿಕೊ. ಅದರ ಪಕ್ಕದಲ್ಲೇ ಕಡುಗೆಂಪು ಬರಲಿ, ನಡುವೆ ತೀಡಬೇಡ. ಜಾಕೆಟ್ಟಿನ ಕಾಲರ್ ಮಾತ್ರ ಮುಟ್ಟಬೇಡ. ಪೆನ್ಸಿಲನ್ನು ಹಗುರವಾಗಿ ಆಡಿಸಿ, ಕಾಗದದ ತರಿಯಲ್ಲೇ ಖಣದ ನೇಯ್ಗೆ ಕಾಣೋ ಹಾಗೆ ಮಾಡಿದ್ದೀಯಲ್ಲ, ಇಡೀ ಬೋರ್ಡಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಎರಡು ಇಂಚು.

ಬೋರ್ಡಿನ ಜೋಡಣೆ ನೋಡಿ ಸಿಟ್ಟೇ ಬಂತು. ಮೂಲೆಯಲ್ಲೊಂದು ಚೀಟಿ: ‘ಜಾಕೆಟ್ಟಿನ ಬೆನ್ನಿಗೆ ತೋಪು ತೆನೆ ಸೆರಗು’. ಅಲ್ಲಮ್ಮ, ಕೆಂಪು ಬಿಳಿ ಸೆರಗು ಬೆನ್ನ ಮೇಲೆ ಬರೋದೇ ಈ ಡಿಸೈನಿನ ಜೀವ, ಅದನ್ನು ಚೀಟಿಯಲ್ಲಿ ಬರೆದು ಮುಗಿಸಿದ್ದೀಯ! ಮೂವರೂ ಮುಂದೆ ತಿರುಗಿ ನಿಂತಿದ್ದಾರೆ. ಬಲಗಡೆಯವಳನ್ನು ತೆಗೆದು, ಅಲ್ಲಿ ಬೆನ್ನು ಕಾಣೋ ಹಾಗೆ ಒಬ್ಬಳನ್ನು ಬರೆ. ಎಲ್ಲರಿಗಿಂತ ದೊಡ್ಡದಾಗಿ.

ಜಾಗ ಬೇಕಲ್ವಾ? ದೇವಸ್ಥಾನ, ಮಗ್ಗ, ಸೂರ್ಯಾಸ್ತ ಅಂತ ಹದಿನಾಲ್ಕು ಫೋಟೋ ಇವೆ. ಮಗ್ಗದ್ದು ಮತ್ತು ಸೆರಗಿನದು ಇರಲಿ, ಉಳಿದದ್ದು ಕಿತ್ತುಬಿಡು. ಸೂರ್ಯಾಸ್ತಕ್ಕೂ ಈ ಜಾಕೆಟ್ಟಿಗೂ ಏನು ಸಂಬಂಧವೋ ನನಗಂತೂ ತಿಳಿಯಲಿಲ್ಲ. ಹೆಸರಿನ ಅಕ್ಷರ ಬಳ್ಳಿ ಬಳ್ಳಿಯಾಗಿದೆ, ಎರಡು ಹೆಜ್ಜೆ ಹಿಂದೆ ನಿಂತರೆ ಓದೋಕಾಗಲ್ಲ. ಬಟ್ಟೆ ತುಂಡುಗಳ ಮೇಲೆ ಅಂಟು ಕಲೆ ಬಿದ್ದಿದೆ. ಹೊಸ ತುಂಡು ಕತ್ತರಿಸಿ, ಹಿಂದಿನಿಂದ ಡಬಲ್ ಟೇಪ್ ಹಾಕಿ, ಆಯಾ ಉಡುಪಿನ ಪಕ್ಕದಲ್ಲೇ ಇಡು. ಫ್ಲಾಟ್ ಡ್ರಾಯಿಂಗನ್ನೂ ಫಿಗರಿನ ಹಾಗೆ ಎಳೆದು ಉದ್ದ ಮಾಡಿದ್ದೀಯ. ಅದು ಹೊಲಿಯುವವರಿಗೆ, ನಿಜವಾದ ಅಳತೆಯ ಪ್ರಮಾಣದಲ್ಲೇ ಇರಬೇಕು.

ಮೊದಲು ಬೆನ್ನಿನ ಚಿತ್ರದ ಪೆನ್ಸಿಲ್ ಕೆಲಸ ಮುಗಿಸು, ಬಣ್ಣಕ್ಕೆ ಕೈ ಹಾಕಬೇಡ. ಶುಕ್ರವಾರ ಸಂಜೆ ಐದಕ್ಕೆ ತಗೊಂಡು ಬಾ, ಬರುವಾಗ ಆ ಸೆರಗಿನ ತುಂಡೂ ಇರಲಿ.