ಸಾಲ ಕರಾರಿನ ದಾವೆ: ಕೈಬರಹ ತಜ್ಞರ ವರದಿಯ ಸಾರಾಂಶ

(ಪ್ರತಿವಾದಿ ಪರ ವಕೀಲರ ಕಡತಕ್ಕೆ)

ವರದಿ 19 ಪುಟಗಳದ್ದು. ಜೊತೆಗೆ 22 ಹಿಗ್ಗಿಸಿದ ಫೋಟೊಗಳಿವೆ. ಕರಾರು ಪೂರ್ತಿ ಖೋಟಾ ಎಂದು ತಜ್ಞರು ಎಲ್ಲೂ ಹೇಳಿಲ್ಲ. ಒಂದು ಮತ್ತು ಎರಡನೆಯ ಹಾಳೆಯ ಸಹಿಗಳು (ತ-1, ತ-2) ಪ್ರತಿವಾದಿಯವಲ್ಲ, ಮೂರನೆಯ ಹಾಳೆಯ ಸಹಿ (ತ-3) ಅವರದೇ ಎಂಬುದು ಅಭಿಪ್ರಾಯ. ನಮ್ಮ ಲಿಖಿತ ಹೇಳಿಕೆಯಲ್ಲಿ ಮೂರೂ ಸಹಿಗಳನ್ನು ನಿರಾಕರಿಸಿದ್ದೇವೆ. ಪಾಟೀಸವಾಲಿನಲ್ಲಿ ಎದುರಿನವರು ಮೊದಲು ಹಿಡಿಯುವುದು ಇದನ್ನೇ.

ಹೋಲಿಕೆಗೆ ಬಳಸಿದ್ದು

2016ರಿಂದ 2021ರವರೆಗಿನ 14 ಒಪ್ಪಿತ ಸಹಿಗಳು (ಒ-1ರಿಂದ ಒ-14) ಮತ್ತು ನ್ಯಾಯಾಲಯದಲ್ಲಿ ಪಡೆದ 10 ಮಾದರಿಗಳು. ಒ-9, ಒ-13 ಜೆರಾಕ್ಸ್ ಪ್ರತಿಗಳಾದ್ದರಿಂದ ಅವನ್ನು ಬದಿಗಿಟ್ಟಿದ್ದಾರೆ: ಜೆರಾಕ್ಸ್‌ನಲ್ಲಿ ಅಕ್ಷರದ ಆಕಾರ ಉಳಿಯುತ್ತದೆ, ಪೆನ್ನಿನ ಒತ್ತಡ ಮತ್ತು ಗೆರೆ ಸಾಗಿದ ರೀತಿ ಉಳಿಯುವುದಿಲ್ಲ. ಮಾದರಿಗಳು ವಿವಾದ ಎದ್ದ ಮೇಲೆ ಬರೆದವು, ಬೇಕೆಂದೇ ಬದಲಿಸಿ ಬರೆದಿರಲೂಬಹುದು. ಆದ್ದರಿಂದ ತೀರ್ಮಾನಕ್ಕೆ ಆಧಾರ ಉಳಿದ 12 ಮೂಲ ಸಹಿಗಳು ಮಾತ್ರ. ಅವುಗಳಲ್ಲಿ 5 ಕರಾರಿನ ಆಸುಪಾಸಿನವು (2018–19).

ವಿಧಾನ

ಮೊದಲು ಒಪ್ಪಿತ ಸಹಿಗಳನ್ನಷ್ಟೇ ನೋಡಿ, ಈ ವ್ಯಕ್ತಿಯ ಬರಹ ಸಹಜವಾಗಿ ಎಷ್ಟು ಹಿಂದುಮುಂದಾಗುತ್ತದೆ ಎಂದು ಗುರುತಿಸಿಕೊಂಡಿದ್ದಾರೆ. ಆಮೇಲೆ ತಕರಾರಿನ ಸಹಿಗಳಿಗೆ ಕೈಹಾಕಿದ್ದಾರೆ. 10ರಿಂದ 40 ಪಟ್ಟು ಹಿಗ್ಗಿಸುವ ಸ್ಟೀರಿಯೊ ಸೂಕ್ಷ್ಮದರ್ಶಕ, ಹಾಳೆಗೆ ತಾಗಿದಂತೆ ಓರೆಯಾಗಿ ಬಿಟ್ಟ ಬೆಳಕು, ಶಾಯಿಗೆ ಅತಿಗೆಂಪು ಬೆಳಕು, ಅಚ್ಚೊತ್ತಿದ ಗುರುತುಗಳಿಗೆ ಎಸ್ಡಾ ಯಂತ್ರ. ಯಾವುದೂ ಕಾಗದಕ್ಕೆ ಹಾನಿ ಮಾಡುವ ಪರೀಕ್ಷೆಯಲ್ಲ. ಎರಡನೆಯ ತಜ್ಞರೊಬ್ಬರು ಫಲಿತಾಂಶವನ್ನು ಸ್ವತಂತ್ರವಾಗಿ ಮರುಪರಿಶೀಲಿಸಿದ್ದಾರೆ.

ಕಂಡದ್ದು

ಒಪ್ಪಿತ ಸಹಿಗಳಲ್ಲಿ ‘ರ’ದ ತಲೆಕಟ್ಟಿನಿಂದ ಹೊರಟ ಗೆರೆ ಪೆನ್ನು ಎತ್ತದೆ ಮುಂದಿನ ‘ಮ’ದ ಮೊದಲ ಸುರುಳಿಗೆ ಇಳಿಯುತ್ತದೆ, 12ರಲ್ಲಿ 11 ಕಡೆ ಹೀಗೇ ಇದೆ. ತ-1ರಲ್ಲಿ ಅದೇ ಜಾಗದಲ್ಲಿ ಪೆನ್ನು ನಿಂತಿದೆ, ಎತ್ತಿದೆ, ಹಳೆಯ ಗೆರೆಯ ಮೇಲೆ ಸುಮಾರು 0.3 ಮಿ.ಮೀ. ಹಾಯ್ದು ಮತ್ತೆ ಹೊರಟಿದೆ. ಕೊನೆಯ ಬಾಲ ಒಪ್ಪಿತ ಸಹಿಗಳಲ್ಲಿ ತೆಳುವಾಗುತ್ತಾ ಮಾಯವಾದರೆ, ಇಲ್ಲಿ ಮೊಂಡಾಗಿ ನಿಂತು ಶಾಯಿಯ ಗುಡ್ಡೆ ಬಿಟ್ಟಿದೆ. ತಿರುವುಗಳಲ್ಲಿ ನಡುಕವಿದೆ. ವಯಸ್ಸು, ಕಾಯಿಲೆಯಿಂದಲೂ ನಡುಕ ಬರುತ್ತದೆ. ಆದರೆ ಅದೇ ವರ್ಷದ ಒಪ್ಪಿತ ಸಹಿಗಳಲ್ಲಿ ಅದರ ಸುಳಿವಿಲ್ಲ.

ಒಬ್ಬರೇ ಎರಡು ಸಲ ಹಾಕಿದ ಸಹಿ ಗೆರೆಗೆ ಗೆರೆ ಕೂಡುವುದಿಲ್ಲ. ತ-1, ತ-2 ಮತ್ತು ಒ-6ನ್ನು ಒಂದರ ಮೇಲೊಂದು ಇಟ್ಟಾಗ ಮೂರೂ ಬಹುಮಟ್ಟಿಗೆ ಕೂಡಿವೆ. ತ-1ರ ಶಾಯಿಗೆರೆಯ ಪಕ್ಕದಲ್ಲೇ ಶಾಯಿಯಿಲ್ಲದ ತೋಡು ಓರೆ ಬೆಳಕಿನಲ್ಲಿ ಕಾಣುತ್ತದೆ (ಫೋಟೊ 14). ಒ-6ರ ಮೂಲದಲ್ಲೂ ಸಹಿಯನ್ನೇ ಹಿಂಬಾಲಿಸಿದ ಒಣ ತೋಡು ಎರಡು ಕಡೆ ಇದೆ (ಫೋಟೊ 17). ಅಂದರೆ ಒ-6ನ್ನು ಮೇಲಿಟ್ಟು ಒತ್ತಿ, ಕೆಳಗೆ ಬಿದ್ದ ಅಚ್ಚಿನ ಮೇಲೆ ಶಾಯಿ ಎಳೆದಂತಿದೆ. ವರದಿಯಲ್ಲಿ ಅತ್ಯಂತ ಗಟ್ಟಿಯಾದ ಭಾಗ ಇದು. ಒ-6 2017ರ ಬಾಡಿಗೆ ಕರಾರು, ಅದರ ಮೂಲ ವಾದಿಯ ಬಳಿಯೇ ಇತ್ತು. ಇದು ತಜ್ಞರ ಮಾತಲ್ಲ, ಕಡತದಿಂದ ನಾವು ತೆಗೆದದ್ದು.

ತ-3 ಸರಾಗವಾದ ಸಹಿ. ಅದರ ಶಾಯಿ ಮೊದಲೆರಡು ಹಾಳೆಗಳ ಶಾಯಿಗಿಂತ ಬೇರೆ. ಮೂರನೆಯ ಹಾಳೆಯಲ್ಲಿ ಸ್ಟೇಪಲ್ ಪಿನ್ನಿನ ಎರಡು ಜೋಡಿ ತೂತುಗಳಿದ್ದರೆ, ಉಳಿದವುಗಳಲ್ಲಿ ಒಂದೇ ಜೋಡಿ. ಸಾಲದ ಮೊತ್ತ ಇರುವುದು ಒಂದನೆಯ ಹಾಳೆಯಲ್ಲಿ.

ಮಿತಿಗಳು

ಹಾಳೆ ಬದಲಾಗಿದೆ ಎಂದು ತಜ್ಞರು ಹೇಳುವುದಿಲ್ಲ. ಪಿನ್ನು ತೆಗೆದು ಮತ್ತೆ ಹಾಕಲು ಬೇರೆ ಕಾರಣಗಳೂ ಇರಬಹುದು. ತ-3 ಹಾಕಿದಾಗಿನ ಅಚ್ಚು ಎರಡನೆಯ ಹಾಳೆಯ ಮೇಲೆ ಸಿಕ್ಕಿಲ್ಲ, ಆದರೆ ಹಾಳೆಗಳನ್ನು ಬಿಡಿಬಿಡಿಯಾಗಿಟ್ಟು ಸಹಿ ಮಾಡಿದ್ದರೂ ಸಿಗುತ್ತಿರಲಿಲ್ಲ. ಅಚ್ಚು ಇಲ್ಲವೆಂಬುದನ್ನು ನಾವು ಹೆಚ್ಚು ಎಳೆಯದಿರುವುದೇ ಒಳಿತು. ಶಾಯಿ ಬೇರೆ ಎಂಬುದಷ್ಟೇ ಗೊತ್ತಾಗಿದೆ, ಯಾವಾಗ ಬರೆದದ್ದೆಂದು ಹೇಳಿಲ್ಲ.

ತ-1, ತ-2 ಹಾಕಿದವರು ಯಾರು? ಅಭಿಪ್ರಾಯವಿಲ್ಲ. ಇನ್ನೊಬ್ಬರ ಗೆರೆಯ ಮೇಲೆ ಎಳೆದಾಗ ಎಳೆದವರ ಸ್ವಂತ ಬರವಣಿಗೆಯ ಚಾಳಿ ಅದರಲ್ಲಿ ಉಳಿಯುವುದಿಲ್ಲ. ವಾದಿಯೇ ಹಾಕಿದ್ದು ಎನ್ನಲು ಈ ವರದಿ ಸಾಲದು.

ಅಭಿಪ್ರಾಯದ ತೂಕ ಹೀಗಿದೆ: ತ-1 ಪ್ರತಿವಾದಿಯದಲ್ಲ ಎಂಬುದು ಖಚಿತ. ತ-2 ಅವರದಲ್ಲದಿರುವ ಸಾಧ್ಯತೆ ಬಲವಾಗಿದೆ, ಆದರೆ ಅಲ್ಲಿ ತೋಡು ಸ್ಪಷ್ಟವಿಲ್ಲದ್ದರಿಂದ ಒಂದು ಮೆಟ್ಟಿಲು ಕೆಳಗೆ. ತ-3 ಅವರದೇ ಎಂಬುದು ಖಚಿತ. ಮೂರನೆಯ ಹಾಳೆಯ ಅಂಚಿನ ‘ಹಣ ಮುಟ್ಟಿತು’ ಎಂಬ ಬರಹದ (ತ-4) ಬಗ್ಗೆ ತೀರ್ಮಾನವಿಲ್ಲ: ಎರಡೇ ಪದ, ಮೇಲಾಗಿ ಹೋಲಿಸಲು ‘ಟ್ಟಿ’ಯಂಥ ಒತ್ತಕ್ಷರವಿರುವ ಒಪ್ಪಿತ ಬರಹ ಸಿಕ್ಕಿಲ್ಲ. ಪ್ರತಿವಾದಿಯ 2018–19ರ ಹಳೆಯ ಪತ್ರ, ಲೆಕ್ಕದ ಪುಸ್ತಕಗಳ ಮೂಲ ಸಿಕ್ಕರೆ ತ-4ನ್ನು ಮತ್ತೆ ನೋಡುವುದಾಗಿ ತಜ್ಞರು ಬರೆದಿದ್ದಾರೆ. ಕಕ್ಷಿದಾರರನ್ನು ಈ ವಾರವೇ ಕೇಳಬೇಕು. ಲಿಖಿತ ಹೇಳಿಕೆಯ ತಿದ್ದುಪಡಿ ಅರ್ಜಿಯೂ ತಜ್ಞರ ಸಾಕ್ಷ್ಯಕ್ಕೆ ಮುಂಚೆಯೇ ಹೋಗಬೇಕು.